ಸಂತೆಯಲ್ಲಿ ಅಜ್ಜಿಯ ಲೆಕ್ಕ: ಒಂದು ಸಣ್ಣ ಕಥೆ ಬರೆದಿದ್ದೇನೆ, ಲೆಕ್ಕ ಹೊಂದುತ್ತದಾ ಹೇಳಿ

ಕೋಡಿಬಾಗದವ

ತುಂಬಾ ದಿನದಿಂದ ಬರೆಯಬೇಕು ಅಂದುಕೊಂಡಿದ್ದ ಕಥೆ. ಅರ್ಧ ನಡೆದದ್ದು, ಅರ್ಧ ನಾನು ಸೇರಿಸಿದ್ದು. ಭಾಷೆ ಬಗ್ಗೆ ಆಮೇಲೆ ಬೈಯಿರಿ. ಮೊದಲು ಇಷ್ಟು ಹೇಳಿ: ಅಜ್ಜಿ ಲೆಕ್ಕ ಮಾಡುವ ರೀತಿ ನಂಬುವ ಹಾಗಿದೆಯಾ?

ಕಾರವಾರದ ಭಾನುವಾರದ ಸಂತೆ. ಹನ್ನೊಂದು ಗಂಟೆ ಬಿಸಿಲು. ಅಜ್ಜಿ ನೀಲಿ ತಾಡಪಾಲಿನ ಅಂಗಡಿ ಮುಂದೆ ನಿಂತಳು. ಮೊಮ್ಮಗ ಎರಡು ಚೀಲ ಹಿಡಿದು ಹಿಂದೆ ನಿಂತ. ಅಂಗಡಿಯವನು ಇಪ್ಪತ್ತೈದರ ಹುಡುಗ. ಕಿವಿಗೆ ಪೆನ್ನು, ಕೈಯಲ್ಲಿ ರಟ್ಟಿನ ತುಂಡು.

'ಈರುಳ್ಳಿ ಎರಡು ಕಿಲೋ ಹಾಕು ತಮಾ.' ಕಿಲೋಗೆ 35. 'ಟೊಮೆಟೊ ಒಂದೂವರೆ.' 28. 'ಬೆಂಡೆಕಾಯಿ ಮುಕ್ಕಾಲು.' ಬೆಂಡೆಕಾಯಿಯ ತುದಿ ಮುರಿದು ನೋಡಿ, ಎಳೆಯದು ಅಂತ ಆದ ಮೇಲೇ ಹೇಳಿದ್ದು. 60. 'ತೊಂಡೆಕಾಯಿ ಅರ್ಧ.' 70. 'ಹರಿವೆ ಮೂರು ಕಟ್ಟು.' ಕಟ್ಟಿಗೆ 12. ಅಲ್ಲಿ ಸ್ವಲ್ಪ ನಿಂತಳು. ಆಚೀಚೆ ನೋಡಿದಳು. 'ಹಸಿಮೆಣಸು ಕಾಲು ಕಿಲೋ. ಸಾಕು.' ಅದು 80.

ಹುಡುಗ ಒಂದೊಂದೇ ರಟ್ಟಿನ ಮೇಲೆ ಗೀಚಿದ. ನಡುವೆ ಇನ್ನಿಬ್ಬರು ಗಿರಾಕಿಗಳು ರೇಟು ಕೇಳಿದರು. ಅವರಿಗೂ ಉತ್ತರ ಕೊಟ್ಟ. ಕೆಳಗೆ ಗೆರೆ ಎಳೆದ. 'ಇನ್ನೂರಾ ಐವತ್ತೇಳು, ಅಜ್ಜಿ.'

ಅಜ್ಜಿ ಕವಳದ ಸಂಚಿ ಬಿಚ್ಚಿದಳು. ಅಡಿಕೆ ಚೂರಿನ ಪಕ್ಕದಲ್ಲಿ ನೋಟುಗಳು ಮಡಿಸಿಟ್ಟಿದ್ದವು. ಎರಡು ನೂರರದ್ದು, ಒಂದು ಐವತ್ತರದ್ದು. ತೆಗೆಯಲಿಲ್ಲ. ಕಣ್ಣು ಮುಚ್ಚಿದಳು. ಮನಸ್ಸಿನಲ್ಲಿ ಬಿಡಿಗಳನ್ನು ಮೊದಲು ಕೂಡಿಸಿದಳು. ಸೊನ್ನೆ, ಎರಡು, ಐದು, ಐದು, ಆರು, ಸೊನ್ನೆ. ಒಟ್ಟು ಹದಿನೆಂಟು. ಎಂಟು ಬರೆದು ದಶಕ ಒಂದು. ಆಮೇಲೆ ಹತ್ತುಗಳನ್ನು ಕೂಡಿಸಿದಳು. ಇನ್ನೂರಾ ನಲವತ್ತೆಂಟು.

'ತಮಾ,' ಅಂದಳು ಮೆಲ್ಲಗೆ, 'ಬೆಂಡೆಕಾಯಿ ಎಷ್ಟು ಅಂದೆ?'

'ಅರವತ್ತು ಅಜ್ಜಿ.'

'ಅಲ್ಲ. ನಂಗೆ ಎಷ್ಟು ಹಾಕಿದೆ?'

ಹುಡುಗ ರಟ್ಟು ನೋಡಿದ. ಮತ್ತೆ ನೋಡಿದ. ಪೆನ್ನಿನಿಂದ ಏನೋ ಹೊಡೆದು ಹಾಕಿದ. 'ನಲವತ್ತೈದು,' ಅಂದ. ಅವನ ಕಿವಿ ಕೆಂಪಾಗಿತ್ತು. ಪಕ್ಕದ ಗಿರಾಕಿಗೆ ಏನೂ ಗೊತ್ತಾಗಲಿಲ್ಲ. ಅಜ್ಜಿ ಮೂರು ನೋಟು ಕೊಟ್ಟು ಹೊರಟಳು.

ಇಷ್ಟೇ ಕಥೆ.

ದಾರಿಹೋಕ

ಇದಕ್ಕೆಲ್ಲ ಸುಮ್ನೆ ಬಿಡಬಾರದು. ತೂಕ ಅಳತೆ ಇಲಾಖೆಗೆ ದೂರು ಕೊಡಿ. ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸಬೇಕು. ಮುದ್ರೆ ಇದೆಯಾ ಅಂತ ಮೊದಲು ನೋಡಿ. ನಮ್ಮೂರಲ್ಲೂ ಇದೇ ಹಣೆಬರಹ.

ಕೋಡಿಬಾಗದವ

ಅಯ್ಯೋ, ಇದು ಕಥೆ ಮಾರಾಯರೇ! ದೂರು ಅಲ್ಲ. ತಕ್ಕಡಿ ಸರಿಯಾಗೇ ಇತ್ತು.

ಶಿರಸಿ ಕಾರಕೂನ

ಕಥೆ ಇಷ್ಟವಾಯಿತು. ಆದರೆ ಕಣ್ಣು ಮುಚ್ಚಿ ಬಿಡಿ ಕೂಡಿಸುವ ಜಾಗದಲ್ಲಿ ನಾನು ಮುಗ್ಗರಿಸಿದೆ. ನಾನು ಮೂವತ್ತು ವರ್ಷ ಅಡಿಕೆ ಸೊಸೈಟಿಯಲ್ಲಿ ಕೀರ್ದಿ, ಖತಾವಣಿ ಬರೆದವನು. ಬಾಯಿಲೆಕ್ಕ ಮಾಡುವವರು ಯಾರೂ ಬಿಡಿಯಿಂದ ಶುರು ಮಾಡುವುದಿಲ್ಲ. ಬಿಡಿಯಿಂದ ಶುರು ಮಾಡುವುದು ಸ್ಲೇಟಿನ ಪದ್ಧತಿ. ಅಲ್ಲಿ ಕೆಳಗೆ ಬರೆದಿಡಲು ಜಾಗ ಇರುತ್ತದೆ. ತಲೆಯಲ್ಲಿ ಆರು ಸಂಖ್ಯೆಗಳನ್ನು ಸಾಲಾಗಿ ಇಟ್ಟುಕೊಂಡು, ಬಿಡಿ ಬೇರೆ, ದಶಕ ಬೇರೆ ಅಂತ ಎರಡು ಸಲ ಓಡಾಡುವುದು ಯಾರಿಂದ ಆಗುತ್ತದೆ?

ನಿಮ್ಮ ಅಜ್ಜಿ ಬೆಲೆ ಕೇಳಿದಾಗಲೇ ಕೂಡಿಸಿರುತ್ತಾಳೆ. ಹುಡುಗ ತೂಕ ಹಾಕುತ್ತಿರುವಾಗಲೇ. ಈರುಳ್ಳಿ ಎಪ್ಪತ್ತು. ಟೊಮೆಟೊ ಇಪ್ಪತ್ತೆಂಟು, ಅದರರ್ಧ ಹದಿನಾಲ್ಕು, ನಲವತ್ತೆರಡು. ಎಪ್ಪತ್ತಕ್ಕೆ ನಲವತ್ತು ಹಾಕಿದರೆ ನೂರಾ ಹತ್ತು, ಮತ್ತೆರಡು, ನೂರಾ ಹನ್ನೆರಡು. ಈಗ ಎಪ್ಪತ್ತೂ ಬೇಡ, ನಲವತ್ತೆರಡೂ ಬೇಡ. ಎರಡನ್ನೂ ಮರೆಯಬಹುದು. ತಲೆಯಲ್ಲಿ ಒಂದೇ ಸಂಖ್ಯೆ ಉಳಿಯಬೇಕು. ಅದೇ ಇದರ ಗುಟ್ಟು. ಹೀಗೆ ಹೋದರೆ ಬೆಂಡೆಗೆ ನೂರಾ ಐವತ್ತೇಳು, ತೊಂಡೆಗೆ ನೂರಾ ತೊಂಬತ್ತೆರಡು, ಹರಿವೆಗೆ ಇನ್ನೂರಾ ಇಪ್ಪತ್ತೆಂಟು, ಮೆಣಸಿಗೆ ಇನ್ನೂರಾ ನಲವತ್ತೆಂಟು. ಹುಡುಗ ಗೆರೆ ಎಳೆಯುವಷ್ಟರಲ್ಲಿ ಇವಳ ಲೆಕ್ಕ ಮುಗಿದಿರುತ್ತದೆ. ಕಣ್ಣು ಮುಚ್ಚುವ ಅಗತ್ಯವೇ ಇಲ್ಲ.

ಒಂದು ತೊಂದರೆ ಇದೆ. ಮಧ್ಯದಲ್ಲಿ ಯಾರಾದರೂ ಮಾತಾಡಿಸಿದರೆ ಒಂದು ಸಾಮಾನು ಸೇರಿಸಿದೆನೋ ಬಿಟ್ಟೆನೋ ಗೊತ್ತಾಗುವುದಿಲ್ಲ. ಅದಕ್ಕೆ ನನ್ನ ತಾಯಿ ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳು ಸರಿಸುತ್ತಿದ್ದರು. ಸಾಮಾನಿನ ಎಣಿಕೆ ಕೈಯಲ್ಲಿ, ಮೊತ್ತ ತಲೆಯಲ್ಲಿ. ಆರು ಸಾಮಾನು ಅಂದರೆ ಎರಡು ಬೆರಳು ಮುಗಿಯಬೇಕು. ಕಥೆಯಲ್ಲಿ ಸೆರಗಿನ ಒಳಗೆ ಹೆಬ್ಬೆರಳು ಓಡುವುದನ್ನು ಮೊಮ್ಮಗ ನೋಡಿದರೆ ಚೆನ್ನಾಗಿರುತ್ತದೆ.

ಗಣಿತ ಪ್ರೇಮಿ ಹೊನ್ನಾವರ

ಇಷ್ಟೆಲ್ಲ ಕಷ್ಟ ಯಾಕೆ? ಹಳೇ ಕಾಲದವರಿಗೆ ಒಂಬತ್ತು ಕಳೆಯುವ ಉಪಾಯ ಗೊತ್ತಿತ್ತು. ಪ್ರತಿ ಸಂಖ್ಯೆಯ ಅಂಕಿಗಳನ್ನು ಕೂಡಿಸಿ ಒಂದೇ ಅಂಕಿಗೆ ಇಳಿಸಿ. ಮೊತ್ತವನ್ನೂ ಹಾಗೇ ಇಳಿಸಿ. ಎರಡೂ ಒಂದೇ ಬಂದರೆ ಲೆಕ್ಕ ಸರಿ, ಇಲ್ಲದಿದ್ದರೆ ತಪ್ಪು. ಎರಡು ಸೆಕೆಂಡಿನ ಕೆಲಸ. ಅಜ್ಜಿ ಅದನ್ನೇ ಮಾಡಿದಳು ಅಂತ ಬರೆಯಿರಿ.

ಶಿರಸಿ ಕಾರಕೂನ

ಒಂದ್ಸಲ ಮಾಡಿ ನೋಡಿ ಸ್ವಾಮಿ. ಈ ಆರು ಸಂಖ್ಯೆಗೆ 7, 6, 0, 8, 0, 2 ಬರುತ್ತದೆ. ಒಟ್ಟು 23, ಅಂದರೆ 5. ಸರಿಯಾದ ಮೊತ್ತ 248. ಎರಡು, ನಾಲ್ಕು, ಎಂಟು ಸೇರಿ ಹದಿನಾಲ್ಕು, ಅಂದರೆ 5. ಹುಡುಗ ಹೇಳಿದ ತಪ್ಪು ಮೊತ್ತ 257. ಎರಡು, ಐದು, ಏಳು ಸೇರಿದರೂ ಹದಿನಾಲ್ಕೇ. ಅದೂ 5!

ಗಣಿತ ಪ್ರೇಮಿ ಹೊನ್ನಾವರ

ಅರೆ. ಹೌದಲ್ಲ. ಇದು ಕಾಕತಾಳೀಯ ಇರಬೇಕು.

ಶಿರಸಿ ಕಾರಕೂನ

ಕಾಕತಾಳೀಯ ಅಲ್ಲ. ಕಥೆಯಲ್ಲಿ ಹುಡುಗ ರಟ್ಟಿನ ಮೇಲೆ ಏನೋ ಹೊಡೆದು ಹಾಕಿದ ಅಂತ ಇದೆ. ಏನು ಅಂತ ಬರೆದಿಲ್ಲ. ಆದರೆ ಲೆಕ್ಕ ನೋಡಿದರೆ ತಿಳಿಯುತ್ತದೆ. ಅವನು 45ರ ಬದಲು 54 ಬರೆದಿದ್ದಾನೆ. ಅಂಕಿ ಹಿಂದುಮುಂದಾಗಿದೆ. ಆಗ ಹತ್ತರ ಜಾಗದಲ್ಲಿ ಒಂದು ಜಾಸ್ತಿ, ಬಿಡಿಯಲ್ಲಿ ಒಂದು ಕಡಿಮೆ. ಹತ್ತರಲ್ಲಿ ಒಂದು ಹೋದರೆ ಒಂಬತ್ತು. 36ನ್ನು 63 ಬರೆದಿದ್ದರೆ 27 ಜಾಸ್ತಿ ಆಗುತ್ತಿತ್ತು. ಅಂಕಿ ತಿರುಗಿದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಬರುತ್ತದೆ. ನೀವು ಹೇಳಿದ ಉಪಾಯ ಒಂಬತ್ತುಗಳನ್ನೆಲ್ಲ ಎಸೆದುಬಿಡುತ್ತದೆ. ಹಾಗಾಗಿ ಈ ತಪ್ಪು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಬೇರೆ ತಪ್ಪು ಹಿಡಿಯುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಗುಣಾಕಾರಕ್ಕೆ ಒಳ್ಳೆಯದೇ.

ನಮ್ಮಲ್ಲಿ ಇದನ್ನೇ ಉಲ್ಟಾ ಬಳಸುತ್ತಿದ್ದೆವು. ಜಮಾ ಖರ್ಚಿನ ತೇರೀಜು ತಾಳೆಯಾಗದೆ ರಾತ್ರಿ ಎಂಟಾದರೂ ಮನೆಗೆ ಹೋಗಲು ಆಗದಿದ್ದಾಗ, ಹಳೇ ಲೆಕ್ಕಿಗರು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: 'ಎಷ್ಟು ವ್ಯತ್ಯಾಸ? ಒಂಬತ್ತರಲ್ಲಿ ಹೋಗ್ತದಾ ನೋಡು.' ಹೋದರೆ ಅಂಕಿ ತಿರುಗಿದ ಜಾಗ ಹುಡುಕಬೇಕು. ವ್ಯತ್ಯಾಸ ಬರೀ ಒಂಬತ್ತೇ ಇದ್ದರೆ, ಅಕ್ಕಪಕ್ಕದ ಎರಡಂಕಿ ನಡುವೆ ಒಂದರ ಅಂತರ ಇರುವ ಸಂಖ್ಯೆ ಹುಡುಕಬೇಕು. ಈ ಪಟ್ಟಿಯಲ್ಲಿ 70, 42, 45, 35, 36, 20 ಇವೆ. ಒಂದರ ಅಂತರ ಇರುವುದು 45 ಮಾತ್ರ. ಅಜ್ಜಿ ನೇರವಾಗಿ ಬೆಂಡೆಕಾಯಿಯನ್ನೇ ಕೇಳಿದ್ದು ಅದಕ್ಕೇ ಅಂತ ನನಗನಿಸಿತು.

ಕೋಡಿಬಾಗದವ

ನಿಜ ಹೇಳಬೇಕಂದ್ರೆ ನನಗೆ ಈ ಒಂಬತ್ತರ ವಿಷಯವೇ ಗೊತ್ತಿರಲಿಲ್ಲ. ರಟ್ಟಿನಲ್ಲಿ 54 ಇದ್ದದ್ದು ಮಾತ್ರ ನಿಜ, ನಾನೇ ನೋಡಿದ್ದೆ.

ಅಂಕೋಲೆ ಹುಡುಗಿ

ನೀವೆಲ್ಲ ಅಜ್ಜಿಯ ಕಡೆ ನಿಂತಿದ್ದೀರಿ. ನಾನು ಅಂಗಡಿಯ ಕಡೆಯವಳು. ನಮ್ಮ ಅವ್ವ ಇಪ್ಪತ್ತು ವರ್ಷ ಸಂತೆಯಲ್ಲಿ ತರಕಾರಿ ಮಾರಿದವಳು. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಪ್ರತಿ ಸಾಮಾನು ಚೀಲಕ್ಕೆ ಹಾಕುವಾಗ ಅಲ್ಲಿಯವರೆಗಿನ ಮೊತ್ತವನ್ನು ಗಟ್ಟಿಯಾಗಿ ಹೇಳುತ್ತಿದ್ದಳು. 'ಎಪ್ಪತ್ತಾಯ್ತು. ನೂರಾ ಹನ್ನೆರಡಾಯ್ತು.' ಗಿರಾಕಿಗೂ ಕೇಳಬೇಕು, ತನಗೂ ನೆನಪಿರಬೇಕು. ತಪ್ಪಿದರೆ ಅಲ್ಲೇ ಜಗಳ, ಅಲ್ಲೇ ರಾಜಿ. ಬರೆಯುವ ಹುಡುಗರಲ್ಲೇ ತಪ್ಪು ಜಾಸ್ತಿ. ಯಾಕಂದ್ರೆ ಅವರು ಒಂದೊಂದರ ಬೆಲೆ ಬರೆದು, ಕೂಡಿಸುವುದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಅಷ್ಟರಲ್ಲಿ ಮೂರು ಜನ ರೇಟು ಕೇಳಿರುತ್ತಾರೆ.

ಇನ್ನೊಂದು ಮಾತು. ತೂಕ ಎಂದೂ ಸರಿಯಾಗಿ ಮುಕ್ಕಾಲು ಬರುವುದಿಲ್ಲ. ಬೆಂಡೆಕಾಯಿ ಹಾಕುತ್ತಾ ಹೋದರೆ 770 ಗ್ರಾಂ ಬರುತ್ತದೆ. ಅದಕ್ಕೆ 46 ರೂಪಾಯಿ 20 ಪೈಸೆ. ಕೆಲವರು 46 ಹಿಡಿಯುತ್ತಾರೆ, ಕೆಲವರು 45 ಹಿಡಿದು ಉಳಿದದ್ದು ಕೊಸರು ಅಂತ ಬಿಡುತ್ತಾರೆ. ಹಾಗಾಗಿ ಅಜ್ಜಿಯ 248ಕ್ಕೂ ಅಂಗಡಿಯವನ ಮೊತ್ತಕ್ಕೂ ಎರಡು ಮೂರು ರೂಪಾಯಿ ಹೆಚ್ಚುಕಡಿಮೆ ಇದ್ದರೆ ಅದು ತಪ್ಪೇ ಅಲ್ಲ. ಅಜ್ಜಿ ಕೇಳಲೇಬಾರದು. ಒಂಬತ್ತು ಅಂದರೆ ಕೇಳಬೇಕಾದದ್ದೇ. ಆದರೆ ತಲೆಯಲ್ಲಿ ಮಾಡಿದ ಲೆಕ್ಕ ತೂಕದ ಮೋಸ ಹಿಡಿಯುವುದಿಲ್ಲ, ಇದು ನೆನಪಿರಲಿ. ತಕ್ಕಡಿಯಲ್ಲಿ ಐವತ್ತು ಗ್ರಾಂ ಕದ್ದವನ ಮೊತ್ತ ಯಾವಾಗಲೂ ಸರಿಯಾಗೇ ಇರುತ್ತದೆ.

ಅವನ ಕಿವಿ ಕೆಂಪಾಯಿತು ಅಂತ ಬರೆದಿದ್ದೀರಿ. ಅದು ಬೇಡ ಅನಿಸಿತು. ಕಳ್ಳ ಸಿಕ್ಕಿಬಿದ್ದ ಹಾಗೆ ಕಾಣುತ್ತದೆ.

ಬೈತಖೋಲ್

ಅವನು ಕಳ್ಳ ಅಲ್ಲವೇ ಅಲ್ಲ, ಅದಕ್ಕೆ ಕಾರಣ ನಾನು ಹೇಳುತ್ತೇನೆ. ನಮ್ಮ ಮನೆಮಾತು ಕೊಂಕಣಿ. ಕನ್ನಡದಲ್ಲಿ ನಲವತ್ತೈದು ಅನ್ನುವಾಗ ನಲವತ್ತು ಮೊದಲು, ಐದು ಆಮೇಲೆ. ಬರೆಯುವ ಕ್ರಮವೂ ಅದೇ. ಕೊಂಕಣಿ, ಮರಾಠಿಯಲ್ಲಿ ಉಲ್ಟಾ. ಪಂಚೇಚಾಳೀಸ್. ಐದು ಮೊದಲು ಬಾಯಿಗೆ ಬರುತ್ತದೆ. ಮನಸ್ಸಿನಲ್ಲಿ ಕೊಂಕಣಿಯಲ್ಲಿ ಹೇಳಿಕೊಳ್ಳುತ್ತಾ, ಬಾಯಲ್ಲಿ ಇನ್ನೊಬ್ಬರಿಗೆ ಕನ್ನಡದಲ್ಲಿ ರೇಟು ಹೇಳುತ್ತಾ, ಕೈಯಲ್ಲಿ ಬರೆದರೆ ಐದು ಮೊದಲು ಬಿದ್ದುಬಿಡುತ್ತದೆ. ಫೋನ್ ನಂಬರ್ ಬರೆದುಕೊಳ್ಳುವಾಗ ನನಗೆ ಈಗಲೂ ಆಗುತ್ತದೆ. ಕಾರವಾರದ ಕಥೆಗೆ ಇದಕ್ಕಿಂತ ಸರಿಯಾದ ತಪ್ಪು ಇಲ್ಲ. ಹುಡುಗ ಬರೆಯುವಾಗ ಕೊಂಕಣಿಯಲ್ಲಿ ಗೊಣಗುತ್ತಿದ್ದ ಅಂತ ಒಂದು ಸಾಲು ಹಾಕಿ.

ನಮ್ಮಪ್ಪ ಇಲ್ಲಿ ಮರಾಠಿ ಶಾಲೆಯಲ್ಲಿ ಓದಿದವರು. ಆಗ ಕಾರವಾರ ಮುಂಬಯಿ ರಾಜ್ಯದಲ್ಲಿತ್ತು. ಅವರಿಗೆ ಪಾವಕಿ, ನಿಮಕಿ, ಪಾವುಣಕಿ, ದೀಡಕಿ ಎಲ್ಲ ಬಾಯಿಪಾಠ. ಅಂದರೆ ಕಾಲು, ಅರ್ಧ, ಮುಕ್ಕಾಲು, ಒಂದೂವರೆಯ ಮಗ್ಗಿಗಳು. ಅರವತ್ತರ ಮುಕ್ಕಾಲು ಎಷ್ಟು ಅಂದರೆ ಯೋಚನೆ ಮಾಡುತ್ತಿರಲಿಲ್ಲ, ನಾವು ಏಳೆಂಟಲ ಅಂದ ಹಾಗೆ ಸೀದಾ ನಲವತ್ತೈದು ಬರುತ್ತಿತ್ತು. ನಿಮ್ಮ ಅಜ್ಜಿಗೆ ಎಷ್ಟು ವಯಸ್ಸು?

ಕೋಡಿಬಾಗದವ

ಎಂಬತ್ತೈದು ಆಗಿದೆ. ಕುಮಟಾ ಕಡೆಯವಳು, ಕನ್ನಡ ಶಾಲೆ, ನಾಲ್ಕನೇ ಇಯತ್ತೆವರೆಗೆ. ಮುಕ್ಕಾಲಿನ ಮಗ್ಗಿ ಅವಳಿಗೂ ಬರುತ್ತದೆ.

ಹಳೇ ಆಣೆ

ಹಾಗಾದರೆ ಅವಳು ಆಣೆ ಪೈ ನೋಡಿದವಳು. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಈಗಿನವರು ಕಷ್ಟ ಅಂತಾರೆ. ಸಂತೆಯಲ್ಲಿ ಅದು ಸುಲಭವಿತ್ತು. ಬಾಳೆಹಣ್ಣು ಡಜನ್‌ಗೆ ಐದಾಣೆ ಅಂದರೆ ಒಂದಕ್ಕೆ ಐದು ಪೈ. ಲೆಕ್ಕವೇ ಇಲ್ಲ. ಮಣಕ್ಕೆ ನಲವತ್ತು ಸೇರು. ಮಣಕ್ಕೆ ಎಷ್ಟು ರೂಪಾಯಿಯೋ, ಎರಡೂವರೆ ಸೇರಿಗೆ ಅಷ್ಟೇ ಆಣೆ. ನಲವತ್ತನ್ನು ಹದಿನಾರರಿಂದ ಭಾಗಿಸಿದರೆ ಎರಡೂವರೆ ಬರುತ್ತದಲ್ಲ, ಅದಕ್ಕೆ. ನಮ್ಮಜ್ಜ ಭಾಗಾಕಾರ ಹೇಳಿಕೊಡಲಿಲ್ಲ, ಮಾತು ಮಾತ್ರ ಹೇಳಿಕೊಟ್ಟ. ನಯಾಪೈಸೆ ಬಂದ ಮೇಲೆ ಆಣೆಗೆ ಆರೂಕಾಲು ಪೈಸೆ ಅಂತಾಯಿತು. ಆಗ ಎಷ್ಟು ಜಗಳ! ಅಂಗಡಿಯವರು ಏಳು ಕೇಳೋದು, ನಾವು ಆರು ಕೊಡೋದು.

ಗಣಿತ ಪ್ರೇಮಿ ಹೊನ್ನಾವರ

ಒಂಬತ್ತರ ವಿಷಯ ಒಪ್ಪಿದೆ. ಆದರೆ ಕಾರಕೂನರೇ, ಒಂಬತ್ತು ವ್ಯತ್ಯಾಸ ಬಂದ ತಕ್ಷಣ ಅಂಕಿ ತಿರುಗಿದೆ ಅಂತ ಹೇಗೆ ಹೇಳುತ್ತೀರಿ? ಅವನು ತೊಂಡೆಕಾಯಿಗೆ 35ರ ಬದಲು 44 ಬರೆದಿರಬಹುದು. ಕೂಡಿಸುವಾಗ ತಪ್ಪಿರಬಹುದು. ಅಜ್ಜಿಗೆ ಬೆಂಡೆಕಾಯಿಯೇ ಅಂತ ಖಾತ್ರಿ ಹೇಗೆ?

ಶಿರಸಿ ಕಾರಕೂನ

ಖಾತ್ರಿ ಇಲ್ಲ. ಒಂಬತ್ತು ಬಂದರೆ ಮೊದಲು ಎಲ್ಲಿ ನೋಡಬೇಕು ಅಂತ ಮಾತ್ರ ಗೊತ್ತಾಗುತ್ತದೆ. ನಾನೇ ಎಷ್ಟೋ ಸಲ ತಿರುಗಿದ ಅಂಕಿ ಹುಡುಕಿ ಹುಡುಕಿ, ಕೊನೆಗೆ ಒಂಬತ್ತು ರೂಪಾಯಿಯ ಚೀಟಿ ಡ್ರಾಯರ್ ಕೆಳಗೆ ಸಿಕ್ಕಿದ್ದುಂಟು.

ಅಂಕೋಲೆ ಹುಡುಗಿ

ನನ್ನ ಪ್ರಕಾರ ಅವಳು ಇಷ್ಟೆಲ್ಲ ಯೋಚಿಸಿಲ್ಲ. ಹುಡುಗನ ಕೈ ನೋಡಿದ್ದಾಳೆ. ಬೆಂಡೆಕಾಯಿ ಬರೆಯುವಾಗಲೇ ಬೇರೆ ಗಿರಾಕಿ ಮಾತಾಡಿಸಿರಬೇಕು.

ಬೈತಖೋಲ್

ಎಂಬತ್ತೈದರ ಕಣ್ಣಿಗೆ ರಟ್ಟಿನ ಮೇಲಿನ ಗೀಚು ಕಾಣುತ್ತದಾ? ಗೊಣಗಿದ್ದು ಕೇಳಿಸಿರಬೇಕು.

ಕೋಡಿಬಾಗದವ

ನಿನ್ನೆ ರಾತ್ರಿ ಕಥೆ ತಿದ್ದಿದೆ. ಕಣ್ಣು ಮುಚ್ಚುವ ಜಾಗ ಈಗ ಹೀಗಿದೆ:

'ಹುಡುಗ ಮೆಣಸು ತೂಗುವಾಗ ಮೊಮ್ಮಗನಿಗೆ ಅಜ್ಜಿಯ ಸೆರಗು ಅಲುಗಿದ್ದು ಕಾಣಿಸಿತು. ಒಳಗೆ ಹೆಬ್ಬೆರಳು ಎರಡನೇ ಬೆರಳಿನ ತುದಿಗೆ ಬಂದು ನಿಂತಿತ್ತು. ಹುಡುಗ ಪಂಚೇ ಅಂತ ಏನೋ ಗೊಣಗಿ, ಆಚೆಯವರಿಗೆ ಮೂಲಂಗಿ ರೇಟು ಹೇಳಿ, ಮತ್ತೆ ಬರೆದ.'

ಕಿವಿ ಕೆಂಪಾದ ಸಾಲು ತೆಗೆದೆ. ಅಂಕೋಲೆಯವರು ಹೇಳಿದ್ದು ಸರಿ.

ಆಮೇಲೆ ಒಂದು ಕೆಲಸ ಮಾಡಿದೆ, ಮೊದಲೇ ಮಾಡಬೇಕಿತ್ತು. ಅಜ್ಜಿಗೆ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಪೂರ್ತಿ ಕೇಳಿದಳು. ನೂರಾ ಹನ್ನೆರಡು, ನೂರಾ ಐವತ್ತೇಳು ಅಂತ ಬಂದಾಗ ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು.

'ನಾ ಯಾವಾಗ ಕೂಡ್ಸಿದೆ?' ಅಂದಳು.

ಅವಳು ಕೂಡಿಸಲೇ ಇಲ್ಲವಂತೆ. ಕಳೆದದ್ದಂತೆ! ಸಂಚಿಯಲ್ಲಿ 250 ಇತ್ತು. ಈರುಳ್ಳಿ ತಗೊಂಡಾಗ 180 ಉಳಿಯಿತು. ಟೊಮೆಟೊಗೆ 138. ಬೆಂಡೆಕಾಯಿಗೆ 93. ತೊಂಡೆಗೆ 58. ಹರಿವೆಗೆ 22. ನಾನು ಕಥೆಯಲ್ಲಿ 'ಅಲ್ಲಿ ಸ್ವಲ್ಪ ನಿಂತಳು' ಅಂತ ಬರೆದಿದ್ದೆನಲ್ಲ, ಆಗ ಅವಳು ಇಪ್ಪತ್ತೆರಡು ರೂಪಾಯಿಗೆ ಏನು ಬರುತ್ತದೆ ಅಂತ ನೋಡುತ್ತಿದ್ದಳು. ಮೆಣಸು ಕಾಲು ಕಿಲೋ ಇಪ್ಪತ್ತಕ್ಕೆ ಸಿಕ್ಕಿತು. ಎರಡು ಉಳಿಯಬೇಕು. ಹುಡುಗ 257 ಅಂದಾಗ ಅವಳಿಗೆ ಮತ್ತೆ ಲೆಕ್ಕ ಮಾಡುವುದೇ ಬೇಕಾಗಲಿಲ್ಲ. ಸಂಚಿಯಲ್ಲಿ ಇಲ್ಲದ ದುಡ್ಡು ಅವನು ಕೇಳುತ್ತಿದ್ದ.

ನಾನು ಪಕ್ಕದಲ್ಲೇ ನಿಂತು ಮೂರು ನೋಟು ನೋಡಿ, ಅದನ್ನು ಕಥೆಯಲ್ಲಿ ಬರೆದೂ, ಇದು ಹೊಳೆಯಲಿಲ್ಲ ನೋಡಿ.

ಶಿರಸಿ ಕಾರಕೂನ

ಶಹಬ್ಬಾಸ್. ನಗದು ಶಿಲ್ಕಿನ ಲೆಕ್ಕ! ಅವಳು ಪೆಟ್ಟಿಗೆ ನೋಡಿ ಪುಸ್ತಕದ ತಪ್ಪು ಹಿಡಿದಿದ್ದಾಳೆ. ನಾನು ಪುಸ್ತಕದೊಳಗೇ ಹುಡುಕುತ್ತಾ ಕೂತಿದ್ದೆ. ಬೆಂಡೆಕಾಯಿ ಅಂತ ಹೇಗೆ ಗೊತ್ತಾಯಿತು, ಕೇಳಿದಿರಾ?

ಕೋಡಿಬಾಗದವ

ಕೇಳಿದೆ. ಒಂದ್ಸಲ 'ಅವನೇ ಅರವತ್ತರ ಮುಕ್ಕಾಲಲ್ಲಿ ತಡವರಿಸಿದ' ಅಂದಳು. ಸಂಜೆ ಮತ್ತೆ ಕೇಳಿದರೆ 'ಎಲ್ಲಾದ್ರೂ ಒಂದ್ಕಡೆ ಕೇಳ್ಬೇಕಲ್ಲ, ಬೆಂಡೆಕಾಯಿ ಕೇಳ್ದೆ' ಅಂದಳು. ಯಾವುದು ನಿಜವೋ.

ದಾರಿಹೋಕ

ಹಾಗಾದರೆ ಫೋನಿನಲ್ಲಿ ದುಡ್ಡು ಹಾಕುವವರು ಏನು ಮಾಡಬೇಕು? ನನ್ನ ಖಾತೆಯಲ್ಲಿ ಎಷ್ಟಿದೆ ಅಂತ ನನಗೇ ಗೊತ್ತಿರುವುದಿಲ್ಲ. ಮೊನ್ನೆ ತರಕಾರಿಯವನಿಗೆ 180ರ ಬದಲು 1800 ಹಾಕಿಬಿಟ್ಟೆ. ಪುಣ್ಯಾತ್ಮ ವಾಪಸ್ ಕೊಟ್ಟ.

ಅಂಕೋಲೆ ಹುಡುಗಿ

ನೋಡಿ, ಮುದ್ರೆ ಹುಡುಕುವ ಮೊದಲು ಅವನನ್ನು ನೆನಪಿಸಿಕೊಳ್ಳಿ.

ಕೋಡಿಬಾಗದವರೇ, ಒಂದು ಬಾಕಿ ಇದೆ. ಮೂರು ನೋಟು ಕೊಟ್ಟು ಹೊರಟಳು ಅಂತ ಬರೆದಿದ್ದೀರಿ. 250 ಕೊಟ್ಟರೆ ಎರಡು ರೂಪಾಯಿ ವಾಪಸ್ ಬರಬೇಕಲ್ಲ?

ಕೋಡಿಬಾಗದವ

ಅದನ್ನೂ ಕೇಳಿದೆ. ಚಿಲ್ಲರೆ ಇಲ್ಲ ಅಂತ ಹುಡುಗ ಕರಿಬೇವು ಹಾಕಿಕೊಟ್ಟನಂತೆ. ನಮ್ಮ ಮನೆ ಹಿತ್ತಲಲ್ಲೇ ಕರಿಬೇವಿನ ಗಿಡ ಇದೆ. ಅವಳು ಕೊತ್ತಂಬರಿ ಕೇಳಿದ್ದಳಂತೆ. ಅದರ ಸಿಟ್ಟು ಇನ್ನೂ ಇಳಿದಿಲ್ಲ.